ಮುನ್ನೂರರವತ್ತು ಅಂಗಡಿ, ಒಬ್ಬ ಸೇಲ್ಸ್‌ಮನ್

ದಾವಣಗೆರೆಯ ಯಾವುದಾದರೂ ಕಿರಾಣಿ ಅಂಗಡಿಯ ಮುಂದೆ ಬೆಳಗ್ಗೆ ಹನ್ನೊಂದರ ಸುಮಾರಿಗೆ ಸ್ವಲ್ಪ ಹೊತ್ತು ನಿಂತರೆ ಸಾಕು. ಹೆಗಲಿಗೆ ಬ್ಯಾಗು ಏರಿಸಿಕೊಂಡ ಹುಡುಗನೊಬ್ಬ ಬೈಕ್ ನಿಲ್ಲಿಸಿ, ಗಿರಾಕಿಗಳ ಸಂದಿಯಲ್ಲಿ ಒಳಗೆ ಇಣುಕಿ, "ಸಾಹುಕಾರ್ರೆ, ಬಿಸ್ಕತ್ತು ಏನ್ ಬರಕೊಳ್ಳಿ?" ಎಂದು ಕೇಳುತ್ತಾನೆ. "ಮಾಲ್ ಐತಪ್ಪ, ಮುಂದಿನ ವಾರ ಬಾ" ಎಂಬ ಉತ್ತರ ಬಂದರೆ ಮುಂದಿನ ಅಂಗಡಿಗೆ ಹೋಗುತ್ತಾನೆ. ಆರ್ಡರ್ ಸಿಕ್ಕರೆ ಮೊಬೈಲ್‌ನಲ್ಲಿ ಒತ್ತಿಕೊಳ್ಳುತ್ತಾನೆ. ಮರುದಿನ ಏಜೆನ್ಸಿಯ ಆಟೊ ಬಂದು ಮಾಲು ಇಳಿಸಿ ಹೋಗುತ್ತದೆ. ನಾವು ಐದು ರೂಪಾಯಿ ಕೊಟ್ಟು ಕೊಳ್ಳುವ ಪ್ಯಾಕೆಟ್ ನಮ್ಮ ಬೀದಿಯ ಅಂಗಡಿಗೆ ತಲುಪುವುದು ಹೀಗೆ.

ಈ ಹುಡುಗ ಇವತ್ತು ಯಾವ ಬೀದಿಗೆ ಹೋಗಬೇಕು, ಯಾವ ಅಂಗಡಿಗೆ ವಾರಕ್ಕೆ ಎರಡು ಸಲ, ಯಾವುದಕ್ಕೆ ಹದಿನೈದು ದಿನಕ್ಕೊಮ್ಮೆ, ಯಾವುದಕ್ಕೆ ಹೋಗಲೇಬಾರದು ಎಂದು ಯಾರು ತೀರ್ಮಾನಿಸುತ್ತಾರೆ? ಬಹಳ ಏಜೆನ್ಸಿಗಳಲ್ಲಿ ಇದಕ್ಕೆ ಪ್ರಾಮಾಣಿಕ ಉತ್ತರ: ಯಾರೂ ಇಲ್ಲ. ಹಿಂದೆ ಇದ್ದ ಸೇಲ್ಸ್‌ಮನ್ ತನ್ನ ಅನುಕೂಲಕ್ಕೆ ಮಾಡಿಕೊಂಡ ಪಟ್ಟಿಯನ್ನೇ ಈಗಿನವನು ಹಿಡಿದು ತಿರುಗುತ್ತಿರುತ್ತಾನೆ. ಕಂಪನಿ ಒತ್ತಾಯ ಮಾಡಿದಾಗಲೆಲ್ಲ ಅದಕ್ಕೆ ಹತ್ತು ಅಂಗಡಿ ಸೇರಿರುತ್ತವೆ. ಹುಡುಗ ಓಡಾಡಿ ಸುಸ್ತಾಗುತ್ತಾನೆ, ಮಾಲೀಕ ಬೈಯುತ್ತಾನೆ, ಮಾಲು ಖಾಲಿಯಾದ ಅಂಗಡಿ ಖಾಲಿಯಾಗಿಯೇ ಇರುತ್ತದೆ. ತಪ್ಪು ಹುಡುಗನ ಕಾಲಿನದಲ್ಲ, ಲೆಕ್ಕದ್ದು.

ಒಂದು ದಿನ ಸುತ್ತಬೇಕಾದ ಅಂಗಡಿಗಳ ಸಾಲಿಗೆ ಕಂಪನಿಯವರು ಬೀಟ್ ಎನ್ನುತ್ತಾರೆ, ಪೇಟೆಯವರು ಲೈನ್ ಎನ್ನುತ್ತಾರೆ. ಲೈನ್ ಮಾಡುವುದು ಎಂದ ಕೂಡಲೇ ಎಲ್ಲರೂ ಊರಿನ ನಕ್ಷೆ ಹರಡಿಕೊಂಡು ಕೂರುತ್ತಾರೆ. ಅದು ಆಮೇಲಿನ ಕೆಲಸ. ಮೊದಲು ಬೇಕಾದದ್ದು ಗಡಿಯಾರ.

ಬಿಸ್ಕತ್ತು, ಚಿಪ್ಸು, ಕುರುಕಲು ತಿಂಡಿ ಮಾರುವ ಒಂದು ಏಜೆನ್ಸಿ ದಾವಣಗೆರೆಯಲ್ಲಿ ಇದೆ ಎಂದಿಟ್ಟುಕೊಳ್ಳೋಣ. 2011ರ ಜನಗಣತಿಯಲ್ಲೇ 4.3 ಲಕ್ಷ ದಾಟಿದ ಊರಿದು, ಒಬ್ಬ ಹುಡುಗನಿಂದ ಇಡೀ ಊರು ಆಗುವುದಿಲ್ಲ. ಆದ್ದರಿಂದ ಅವನ ಪಾಲಿಗೆ ಬಂದಿರುವ 360 ಅಂಗಡಿಗಳನ್ನು ಮಾತ್ರ ನೋಡೋಣ. ಮುಂದೆ ಬರುವ ಅಂಕಿಗಳು ವಿವರಿಸಲು ಹಿಡಿದವು. ನಿಮ್ಮ ಊರಿಗೆ, ನಿಮ್ಮ ಮಾಲಿಗೆ ಅಂಕಿ ಬದಲಾಗುತ್ತದೆ, ಲೆಕ್ಕದ ದಾರಿ ಬದಲಾಗುವುದಿಲ್ಲ.

ನಿನ್ನೆಯ ವಸೂಲಿ ಒಪ್ಪಿಸಿ, ಸ್ಟಾಕ್ ಎಷ್ಟಿದೆ ಕೇಳಿಕೊಂಡು ಹುಡುಗ ಹತ್ತು ಗಂಟೆಗೆ ಏಜೆನ್ಸಿ ಬಿಡುತ್ತಾನೆ. ಸಂಜೆ ಆರರ ಮೇಲೆ ಕಿರಾಣಿ ಅಂಗಡಿಯಲ್ಲಿ ಗಿರಾಕಿ ತುಂಬಿರುತ್ತಾರೆ, ಆಗ ಸೇಲ್ಸ್‌ಮನ್ ಮುಖ ಯಾರೂ ನೋಡುವುದಿಲ್ಲ. ನಡುವೆ ಇರುವುದು ಎಂಟು ಗಂಟೆ. ಮಧ್ಯಾಹ್ನದ ಊಟ, ಸಣ್ಣ ಅಂಗಡಿಗಳು ಬಾಗಿಲು ಎಳೆದುಕೊಳ್ಳುವ ಹೊತ್ತು ಎಂದು ಒಂದೂಕಾಲು ಗಂಟೆ ತೆಗೆದರೆ 405 ನಿಮಿಷ ಉಳಿಯುತ್ತದೆ. ಒಂದು ಅಂಗಡಿಯಲ್ಲಿ ಗಿರಾಕಿ ಸರಿಯುವವರೆಗೆ ಕಾದು, ಕಪಾಟು ನೋಡಿ, ಆರ್ಡರ್ ಬರೆದು, ಹಳೆ ಬಿಲ್ಲಿನ ದುಡ್ಡು ಎಣಿಸಿಕೊಳ್ಳಲು ಏಳು ನಿಮಿಷ ಬೇಕು. ಬೈಕ್ ತೆಗೆದು ಮುಂದಿನ ಅಂಗಡಿ ಮುಟ್ಟಲು ಮೂರು ನಿಮಿಷ. ಅಂಗಡಿಗೆ ಹತ್ತು ನಿಮಿಷವಾಯಿತು, ದಿನಕ್ಕೆ 40 ಅಂಗಡಿ. ಭಾನುವಾರ ಬಿಟ್ಟು ವಾರಕ್ಕೆ ಆರು ದಿನ, ನಾಲ್ಕು ವಾರಕ್ಕೆ 24 ದಿನ. ಅಂದರೆ ನಾಲ್ಕು ವಾರಕ್ಕೆ ಅವನ ಕೈಯಲ್ಲಿರುವುದು 960 ಭೇಟಿ.

"ಎಲ್ಲಾ ಅಂಗಡಿಗೂ ವಾರಕ್ಕೊಂದ್ಸಲ ಹೋಗ್ಬೇಕು" ಎನ್ನುವುದು ಮಾಲೀಕರ ಮಾಮೂಲಿ ಅಪ್ಪಣೆ. 360 ಅಂಗಡಿಗೆ ನಾಲ್ಕು ವಾರದಲ್ಲಿ ನಾಲ್ಕು ಸಲ ಎಂದರೆ 1440 ಭೇಟಿ. ಇರುವುದು 960. ಕೊರತೆ ಬಿದ್ದ 480 ಭೇಟಿಗಳು ಎಲ್ಲಿಂದ ಬರುತ್ತವೆ? ಬರುವುದಿಲ್ಲ. ಯಾವುದನ್ನು ಬಿಡಬೇಕೆಂಬ ತೀರ್ಮಾನವನ್ನು ಮಾಲೀಕ ಮಾಡದೆ ಇದ್ದಾಗ ಬಿಸಿಲಲ್ಲಿ ನಿಂತ ಹುಡುಗ ಮಾಡುತ್ತಾನೆ. ಅವನು ಬಿಡುವುದು ದೂರದ ಅಂಗಡಿ, ಸಿಡುಕುವ ಸಾಹುಕಾರನ ಅಂಗಡಿ, ಬೈಕ್ ನಿಲ್ಲಿಸಲು ಜಾಗವಿಲ್ಲದ ಅಂಗಡಿ. ಅವುಗಳಲ್ಲಿ ಒಳ್ಳೆ ವ್ಯಾಪಾರದ ಅಂಗಡಿಗಳೂ ಇರುತ್ತವೆ.

ಎರಡನೇ ಲೆಕ್ಕ ದುಡ್ಡಿನದು. ಸಂಬಳ, ಪೆಟ್ರೋಲ್, ಮೊಬೈಲ್ ಎಲ್ಲ ಸೇರಿ ಹುಡುಗನಿಗೆ ದಿನಕ್ಕೆ 800 ರೂಪಾಯಿ ಖರ್ಚು ಬಿದ್ದರೆ ಒಂದು ಭೇಟಿಗೆ 20 ರೂಪಾಯಿ. ಹತ್ತು ಅಂಗಡಿಗೆ ಹೋದರೆ ಆರರಲ್ಲಿ ಆರ್ಡರ್ ಸಿಗುತ್ತದೆ ಎಂದುಕೊಂಡರೆ, ಸಿಕ್ಕ ಒಂದು ಆರ್ಡರಿನ ಮೇಲೆ 33 ರೂಪಾಯಿ ಕೂರುತ್ತದೆ. ಮರುದಿನ ಆಟೊ ಹೋಗಿ ಮಾಲು ಇಳಿಸಲು ಇನ್ನು 15 ರೂಪಾಯಿ. ಒಟ್ಟು 48. ಇಂಥ ಮಾಲಿನಲ್ಲಿ ಏಜೆನ್ಸಿಗೆ ಉಳಿಯುವುದು ನೂರಕ್ಕೆ ಐದರ ಆಸುಪಾಸು. 48 ರೂಪಾಯಿ ಹುಟ್ಟಬೇಕಾದರೆ ಬಿಲ್ಲು 960 ರೂಪಾಯಿಯದಾಗಬೇಕು. ಗೋಡೌನ್ ಬಾಡಿಗೆ, ಹಾಕಿದ ಬಂಡವಾಳದ ಬಡ್ಡಿ ಇದರಲ್ಲಿ ಸೇರಿಲ್ಲ. 300 ರೂಪಾಯಿ ಆರ್ಡರಿಗಾಗಿ ವಾರವಾರ ಹೋಗುವ ಅಂಗಡಿಯಲ್ಲಿ ಏಜೆನ್ಸಿ ಮಾರುತ್ತಾ ಮಾರುತ್ತಲೇ ಕಳೆದುಕೊಳ್ಳುತ್ತಿರುತ್ತದೆ. ಬಿಲ್ ಪುಸ್ತಕದಲ್ಲಿ ಅದು ಕಾಣುವುದೇ ಇಲ್ಲ.

ಹಾಗಾದರೆ ಯಾವ ಅಂಗಡಿಗೆ ಎಷ್ಟು ಸಲ? ದೊಡ್ಡ ಅಂಗಡಿಗೆ ಹೆಚ್ಚು, ಸಣ್ಣ ಅಂಗಡಿಗೆ ಕಡಿಮೆ ಎನ್ನುವುದು ಅರ್ಧ ಉತ್ತರ ಮಾತ್ರ. ನೋಡಬೇಕಾದದ್ದು ಎರಡು ಸಂಗತಿ: ಒಂದು ಸಲಕ್ಕೆ ಅಂಗಡಿಯವರು ಎಷ್ಟು ಮಾಲು ತೆಗೆದುಕೊಳ್ಳಬಲ್ಲರು, ಮತ್ತು ಅದು ಎಷ್ಟು ದಿನಕ್ಕೆ ಖಾಲಿಯಾಗುತ್ತದೆ. ಮೊದಲನೆಯದನ್ನು ಸಣ್ಣ ಅಂಗಡಿಗಳಲ್ಲಿ ನಿರ್ಧರಿಸುವುದು ಕಪಾಟಿನ ಜಾಗವಲ್ಲ, ಗಲ್ಲಾ ಪೆಟ್ಟಿಗೆಯಲ್ಲಿರುವ ದುಡ್ಡು.

ಇದನ್ನು ಹತ್ತಿರದಿಂದ ನೋಡಲು ಎರಡು ಅಂಗಡಿ ತೆಗೆದುಕೊಳ್ಳೋಣ. ಒಂದು ನಿಟುವಳ್ಳಿ ಕಡೆಯ ಒಳಬೀದಿಯಲ್ಲಿ, ಮನೆಯ ಮುಂಭಾಗದ ಕೋಣೆಯಲ್ಲೇ ಅಜ್ಜಿಯೊಬ್ಬರು ನಡೆಸುವ ಅಂಗಡಿ. ಇನ್ನೊಂದು ಶಾಲೆಯೊಂದರ ಗೇಟಿನ ಎದುರಿನದು. ಎರಡೂ ಹದಿನೈದು ದಿನದ ಲೈನಿನಲ್ಲಿವೆ, ಎರಡರಲ್ಲೂ ಸರಾಸರಿ ಆರ್ಡರ್ 800 ರೂಪಾಯಿ. ಏಜೆನ್ಸಿಯ ಕಂಪ್ಯೂಟರಿನಲ್ಲಿ ಎರಡೂ ಒಂದೇ ತರಹ ಕಾಣುತ್ತವೆ. ಆದರೆ ಹುಡುಗ ಅಂಗಡಿಗೆ ಹೋದಾಗ ಕಪಾಟು ನೋಡಿದರೆ ಕತೆ ಬೇರೆ. ಅಜ್ಜಿಯ ಅಂಗಡಿಯಲ್ಲಿ ಹಗ್ಗಕ್ಕೆ ನೇತು ಹಾಕಿದ ಚಿಪ್ಸಿನ ಸರದಲ್ಲಿ ಇನ್ನೂ ಮೂರು ನಾಲ್ಕು ಪ್ಯಾಕೆಟ್ ಉಳಿದಿವೆ, ಬಿಸ್ಕತ್ತಿನ ಡಬ್ಬದ ತಳದಲ್ಲಿ ಒಂದಿಷ್ಟಿದೆ. ಶಾಲೆ ಎದುರಿನ ಅಂಗಡಿಯಲ್ಲಿ ಸರವೇ ಇಲ್ಲ, ಖಾಲಿ ಕೊಕ್ಕೆ ಮಾತ್ರ. ಅದೇ ಜಾಗದಲ್ಲಿ ಬೇರೆ ಕಂಪನಿಯ ಪ್ಯಾಕೆಟ್ ಬಂದು ಕೂತಿದೆ.

"ಎಂದು ಖಾಲಿಯಾತ್ರಿ ಅಣ್ಣ?"

"ನೀನು ಹಾಕಿ ಹೋದ ಐದಾರು ದಿನಕ್ಕೇ ಮುಗೀತಪ್ಪ. ಜಾಸ್ತಿ ತಗೊಳ್ಳೋಕೆ ನನ್ನ ಹತ್ರ ಅಷ್ಟು ರೊಕ್ಕ ಎಲ್ಲೈತಿ?"

ಈ ಎರಡೂ ಅಂಗಡಿಗೆ ಎಂಟು ವಾರ ಪ್ರತಿ ವಾರವೂ ಹೋಗಿ ನೋಡಿದರೆ ವ್ಯತ್ಯಾಸ ಬೆಳಕಿಗೆ ಬರುತ್ತದೆ. ಅಜ್ಜಿ ಹದಿನೈದು ದಿನಕ್ಕೆ 800 ತೆಗೆದುಕೊಳ್ಳುತ್ತಿದ್ದವರು ಈಗ ವಾರಕ್ಕೆ 450 ತೆಗೆದುಕೊಳ್ಳುತ್ತಾರೆ. ಎರಡು ವಾರಕ್ಕೆ 900, ಅಂದರೆ ಹೆಚ್ಚಾದ ವ್ಯಾಪಾರ ನೂರು ರೂಪಾಯಿ, ಅದರಲ್ಲಿ ಏಜೆನ್ಸಿಗೆ ಉಳಿದದ್ದು ಐದು. ಹೆಚ್ಚುವರಿ ಭೇಟಿಗೂ ಆಟೊಗೂ ಸೇರಿ ಹೋದದ್ದು 35. ಶಾಲೆ ಎದುರಿನ ಅಂಗಡಿಯವರು ವಾರವಾರವೂ 850 ತೆಗೆದುಕೊಳ್ಳುತ್ತಾರೆ. ಎರಡು ವಾರಕ್ಕೆ 1700, ಹೆಚ್ಚಾದದ್ದು 900, ಉಳಿದದ್ದು 45. ಖರ್ಚು ಅದೇ 35. ಮೇಲೆ ಉಳಿದ ಹತ್ತು ರೂಪಾಯಿಗಿಂತ ದೊಡ್ಡ ಲಾಭ, ಕೊಕ್ಕೆಯ ಮೇಲೆ ಬೇರೆಯವರ ಸರ ಬರದಂತೆ ತಡೆದದ್ದು. ಅಜ್ಜಿಯ ಅಂಗಡಿಗೆ ಹದಿನೈದು ದಿನವೇ ಸರಿ, ಶಾಲೆ ಅಂಗಡಿಗೆ ವಾರವೇ ಬೇಕು. ಏಪ್ರಿಲ್, ಮೇ ತಿಂಗಳಲ್ಲಿ ಶಾಲೆಗೆ ರಜೆ ಬಿದ್ದಾಗ ಅದೇ ಅಂಗಡಿಯನ್ನು ಮತ್ತೆ ಹದಿನೈದು ದಿನಕ್ಕೆ ಇಳಿಸಬೇಕು, ಜೂನ್ ಮೊದಲ ವಾರ ಮರೆಯದೆ ಏರಿಸಬೇಕು.

ಕಡಿಮೆ ಮಾರುವ ಅಂಗಡಿಗೆ ಕಡಿಮೆ ಹೋಗಬೇಕೆಂಬ ನಿಯಮದಲ್ಲಿ ಇರುವ ಕುಣಿಕೆ ಇದೇ. ನಾವು ಕಡಿಮೆ ಹೋದದ್ದಕ್ಕೇ ಅಲ್ಲಿ ಮಾರಾಟ ಕಡಿಮೆ ಇರಬಹುದು. ಬಿಲ್ಲುಗಳ ಮೊತ್ತ ನೋಡಿ ಇದು ಗೊತ್ತಾಗುವುದಿಲ್ಲ, ಪ್ರಯೋಗ ಮಾಡಿ ನೋಡಿದರೆ ಗೊತ್ತಾಗುತ್ತದೆ. ಅಮೆರಿಕದ ಲಿಯೊನಾರ್ಡ್ ಲೋಡಿಶ್ 1971ರಲ್ಲಿ ಪ್ರಕಟಿಸಿದ 'ಕಾಲ್‌ಪ್ಲಾನ್' ಎಂಬ ಪದ್ಧತಿಯ ತಿರುಳೂ ಇದೇ. ಇನ್ನೊಂದು ಭೇಟಿ ಕೊಟ್ಟರೆ ಎಷ್ಟು ಮಾರಾಟ ಹೆಚ್ಚುತ್ತದೆ, ಒಂದು ಭೇಟಿ ತೆಗೆದರೆ ಎಷ್ಟು ಇಳಿಯುತ್ತದೆ ಎಂದು ಪ್ರತಿ ಗಿರಾಕಿಯ ಬಗ್ಗೆ ಅಂದಾಜಿಸಿ, ಹೆಚ್ಚು ಫಲ ಕೊಡುವ ಕಡೆಗೆ ಭೇಟಿಗಳನ್ನು ಸರಿಸುವುದು. ಅವರಿಗೆ ಕಂಪ್ಯೂಟರ್ ಬೇಕಾಗಿತ್ತು. ಒಂದು ಊರಿನ ಏಜೆನ್ಸಿಗೆ ಬೇಕಾದದ್ದು ಒಂದೇ ಅಭ್ಯಾಸ: ಆರ್ಡರ್ ಕೇಳುವ ಮೊದಲು ಕಪಾಟಿನಲ್ಲಿ ಉಳಿದದ್ದನ್ನು ನೋಡಿ ಬರೆದುಕೊಳ್ಳುವುದು. ಹೋದಾಗಲೆಲ್ಲ ಪೂರ್ತಿ ಖಾಲಿ ಇದ್ದರೆ ನಾವು ತಡವಾಗಿ ಹೋಗುತ್ತಿದ್ದೇವೆ. ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಬೇಗ ಹೋಗುತ್ತಿದ್ದೇವೆ. ಸ್ವಲ್ಪ ಉಳಿದಿದ್ದರೆ ಅಂತರ ಸರಿಯಾಗಿದೆ.

ಹೀಗೆ ನೋಡಿ ನಮ್ಮ 360 ಅಂಗಡಿಗಳನ್ನು ಬಿಡಿಸಿದಾಗ ಬಂದ ಹಂಚಿಕೆ ಹೀಗಿದೆ ಎನ್ನೋಣ. ಬಸ್ ನಿಲ್ದಾಣದ ಸುತ್ತಿನ ಬೇಕರಿಗಳು, ದೊಡ್ಡ ಕಿರಾಣಿ ಅಂಗಡಿಗಳು ಸೇರಿ 20 ಅಂಗಡಿಗೆ ವಾರಕ್ಕೆ ಎರಡು ಸಲ, ನಾಲ್ಕು ವಾರಕ್ಕೆ 160 ಭೇಟಿ. 110 ಅಂಗಡಿಗೆ ವಾರಕ್ಕೊಮ್ಮೆ, 440 ಭೇಟಿ. 150 ಅಂಗಡಿಗೆ ಎರಡು ವಾರಕ್ಕೊಮ್ಮೆ, 300 ಭೇಟಿ. ಒಟ್ಟು 900. ಉಳಿದ 80 ಅಂಗಡಿಗೆ ಹುಡುಗ ಹೋಗುವುದಿಲ್ಲ. ಅವು ಹೇಗೂ ಮಂಡಿಪೇಟೆಯ ಹೋಲ್‌ಸೇಲ್ ಅಂಗಡಿಗಳಿಂದ ಎಲ್ಲ ಕಂಪನಿಗಳ ಮಾಲನ್ನು ಒಟ್ಟಿಗೆ ಒಯ್ಯುತ್ತವೆ. ಅವರ ಫೋನ್ ನಂಬರ್ ಇಟ್ಟುಕೊಂಡು, ಹೊಸ ಮಾಲು ಬಂದಾಗ ಕೇಳಿದರೆ ಸಾಕು. 80 ಅಂಗಡಿ ಬಿಡುವುದು ಮಾಲೀಕರಿಗೆ ಕರುಳು ಕಿತ್ತಂತಾಗುತ್ತದೆ, ಕಂಪನಿಯ ಅಧಿಕಾರಿಗೆ ಸಿಟ್ಟು ಬರುತ್ತದೆ. ಆದರೂ ಲೆಕ್ಕ ಹಾಕಿ ಬಿಟ್ಟ 80, ಲೆಕ್ಕವಿಲ್ಲದೆ ತಪ್ಪಿಹೋಗುವ 80ಕ್ಕಿಂತ ಎಷ್ಟೋ ಮೇಲು.

960ರಲ್ಲಿ 900 ಹೋದರೆ 60 ಭೇಟಿ ಕೈಯಲ್ಲಿ ಉಳಿಯಿತು, ದಿನಕ್ಕೆ ಎರಡು ಮೂರು. ಇದನ್ನು ತುಂಬಿಸಿಬಿಡಬಾರದು. ಹೊಸ ಅಂಗಡಿ ತೆರೆದಿರುತ್ತದೆ, ಸಾಹುಕಾರ ಮದುವೆಗೆ ಹೋಗಿ ಬಾಗಿಲು ಹಾಕಿರುತ್ತದೆ, ಮಳೆ ಬಂದು ಒಂದು ಗಂಟೆ ಹೋಗಿರುತ್ತದೆ. ಸಂದು ಇಲ್ಲದ ಯೋಜನೆ ಮೊದಲ ಮಳೆಗೇ ಕೊಚ್ಚಿ ಹೋಗುತ್ತದೆ.

ಈಗ ನಕ್ಷೆ ತೆಗೆಯಬಹುದು. ವಾರಕ್ಕೆ ಎರಡು ಸಲ ಹೋಗಬೇಕಾದ ಅಂಗಡಿಗಳಿವೆಯಲ್ಲ, ಅವೇ ಊರನ್ನು ಭಾಗ ಮಾಡುವ ದಾರಿ ತೋರಿಸುತ್ತವೆ. ಸೋಮವಾರ ಹೋದ ಕಡೆಗೆ ಗುರುವಾರ, ಮಂಗಳವಾರ ಹೋದ ಕಡೆಗೆ ಶುಕ್ರವಾರ, ಬುಧವಾರ ಹೋದ ಕಡೆಗೆ ಶನಿವಾರ. ಮೂರು ದಿನ, ನಾಲ್ಕು ದಿನದ ಅಂತರ ತಾನಾಗಿಯೇ ಬೀಳುತ್ತದೆ. ಆದ್ದರಿಂದ ಊರನ್ನು ಮೂರು ಹೋಳು ಮಾಡಬೇಕು. ದಾವಣಗೆರೆಯಲ್ಲಿ ರೈಲು ಹಳಿಯೇ ಮೊದಲ ಗೆರೆ ಹಾಕಿಕೊಟ್ಟಿದೆ. ಚೌಕಿಪೇಟೆ, ಮಂಡಿಪೇಟೆ, ಕಾಳಿಕಾದೇವಿ ರಸ್ತೆಯ ಹಳೆ ಪೇಟೆ ಒಂದು ಕಡೆ. ಪಿ.ಜೆ. ಬಡಾವಣೆ, ವಿದ್ಯಾನಗರ, ನಿಟುವಳ್ಳಿ ಇನ್ನೊಂದು ಕಡೆ. ಹಳಿ ದಾಟುವ ಜಾಗಗಳು ಕೆಲವೇ, ಅಲ್ಲಿ ವಾಹನಗಳೆಲ್ಲ ಬಂದು ಸೇರಿಕೊಳ್ಳುತ್ತವೆ. ಒಂದೇ ದಿನ ಎರಡು ಸಲ ಹಳಿ ದಾಟುವ ಲೈನ್ ಮಾಡಿದರೆ ಮೂರು ನಾಲ್ಕು ಅಂಗಡಿಯ ಹೊತ್ತು ಅಲ್ಲೇ ಕಳೆದುಹೋಗುತ್ತದೆ. ಹೋಳುಗಳು ವಿಸ್ತಾರದಲ್ಲಿ ಸಮನಾಗಬೇಕಿಲ್ಲ, ಭೇಟಿಗಳ ಸಂಖ್ಯೆಯಲ್ಲಿ ಸಮನಾಗಬೇಕು. ಹಳೆ ಪೇಟೆಯಲ್ಲಿ ಅಂಗಡಿಗಳು ಒತ್ತೊತ್ತಾಗಿರುವುದರಿಂದ ಆ ಹೋಳು ಚಿಕ್ಕದಾಗುತ್ತದೆ, ಹೊಸ ಬಡಾವಣೆಗಳದು ಉದ್ದಕ್ಕೆ ಚಾಚಿಕೊಳ್ಳುತ್ತದೆ.

ಒಂದು ಹೋಳಿನೊಳಗೆ ನೋಡೋಣ. ವಾರಕ್ಕೆ ಎರಡು ಸಲದ ಅಂಗಡಿ ಸುಮಾರು 7, ವಾರಕ್ಕೊಮ್ಮೆಯವು 37, ಎರಡು ವಾರಕ್ಕೊಮ್ಮೆಯವು 50. ಸೋಮವಾರ ಆ 7 ಅಂಗಡಿಗೂ ಹೋಗಬೇಕು. 37ರಲ್ಲಿ ಅರ್ಧದಷ್ಟನ್ನು ಸೋಮವಾರಕ್ಕೆ, ಉಳಿದರ್ಧವನ್ನು ಗುರುವಾರಕ್ಕೆ ಹಾಕಬೇಕು. 50ನ್ನು ನಾಲ್ಕು ಪಾಲು ಮಾಡಿ ಈ ಸೋಮವಾರ, ಈ ಗುರುವಾರ, ಮುಂದಿನ ಸೋಮವಾರ, ಮುಂದಿನ ಗುರುವಾರಕ್ಕೆ ಹಂಚಬೇಕು. ಸೋಮವಾರದ ಮೊತ್ತ 7, 18, 12 ಸೇರಿ 37. ನಲವತ್ತರೊಳಗೆ ಮುಗಿಯಿತು.

ಎರಡು ವಾರದ ಅಂಗಡಿಗಳಿಗೆ "ತಿಂಗಳ ಒಂದನೇ ಮತ್ತು ಮೂರನೇ ಸೋಮವಾರ" ಎಂದು ಬರೆಯುವ ಪದ್ಧತಿ ಬಹಳ ಕಡೆ ಇದೆ. ನೆನಪಿಡಲು ಸುಲಭ ನಿಜ. ಆದರೆ ಐದು ಸೋಮವಾರ ಬಂದ ತಿಂಗಳಲ್ಲಿ ಮೂರನೇ ಸೋಮವಾರದಿಂದ ಮುಂದಿನ ತಿಂಗಳ ಒಂದನೇ ಸೋಮವಾರಕ್ಕೆ ಮೂರು ವಾರವಾಗುತ್ತದೆ, ಅಂಗಡಿ ಒಂದು ವಾರ ಬರಿದಾಗಿ ಕೂರುತ್ತದೆ. ತಾರೀಖು ಬಿಟ್ಟು, 'ಒಂದನೇ ವಾರ, ಎರಡನೇ ವಾರ' ಎಂದು ವರ್ಷವಿಡೀ ಬಿಡದೆ ಸರದಿ ಎಣಿಸುವುದೇ ಸರಿ.

ಹಬ್ಬಕ್ಕೆ ಸೋಮವಾರ ರಜೆ ಬಿದ್ದರೆ ಏನು ಮಾಡಬೇಕು? ಹೊಸಬರು ಸೋಮವಾರದ ಲೈನನ್ನು ಮಂಗಳವಾರಕ್ಕೆ, ಮಂಗಳವಾರದ್ದನ್ನು ಬುಧವಾರಕ್ಕೆ ತಳ್ಳುತ್ತಾ ಹೋಗಿ ಇಡೀ ವಾರವನ್ನು ಕೆಡಿಸುತ್ತಾರೆ. ಮಂಗಳವಾರ ಮಂಗಳವಾರವಾಗಿಯೇ ಇರಲಿ. ಸೋಮವಾರದ ದೊಡ್ಡ ಏಳು ಅಂಗಡಿಗೆ ಫೋನ್ ಮಾಡಿ ಆರ್ಡರ್ ಹಿಡಿಯಬೇಕು. ಉಳಿದವುಗಳಲ್ಲಿ ಮುಖ್ಯವಾದವನ್ನು ಗುರುವಾರ ಅದೇ ಹೋಳಿಗೆ ಹೋದಾಗ ಕೈಯಲ್ಲಿಟ್ಟುಕೊಂಡ ಸಂದಿನಲ್ಲಿ ಸೇರಿಸಿಕೊಳ್ಳಬೇಕು. ಊರನ್ನು ಆರು ಹೋಳು ಮಾಡದೆ ಮೂರು ಮಾಡಿದ್ದರ ದೊಡ್ಡ ಉಪಕಾರ ಇದು: ಯಾವ ಬೀದಿಯೂ ನಾಲ್ಕು ದಿನಕ್ಕಿಂತ ಹೆಚ್ಚು ದೂರವಾಗುವುದಿಲ್ಲ.

ದಿನ ತಪ್ಪಿಸಬಾರದೆಂದು ಇಷ್ಟು ಒತ್ತಿ ಹೇಳಲು ಕಾರಣವಿದೆ. ಈ ವ್ಯಾಪಾರದಲ್ಲಿ ಬಹುಪಾಲು ಮಾಲು ಉದ್ರಿ ಹೋಗುತ್ತದೆ. ಹಿಂದಿನ ಬಿಲ್ಲಿನ ದುಡ್ಡು ಕೊಟ್ಟು ಹೊಸ ಮಾಲು ಬರೆಸುವುದು ವಾಡಿಕೆ. ಅಂದಮೇಲೆ ಹುಡುಗ ಎಷ್ಟು ದಿನಕ್ಕೊಮ್ಮೆ ಹೋಗುತ್ತಾನೋ ಅಷ್ಟು ದಿನದ ಉದ್ರಿ. ಏಳು ದಿನದ ಅಂಗಡಿಯನ್ನು ಹದಿನಾಲ್ಕಕ್ಕೆ ಇಳಿಸಿದಾಗ ಏಜೆನ್ಸಿ ಭೇಟಿಯ ಖರ್ಚು ಉಳಿಸುತ್ತದೆ, ಆದರೆ ತನ್ನ ದುಡ್ಡನ್ನು ಎರಡರಷ್ಟು ದಿನ ಹೊರಗಿಡುತ್ತದೆ. ಸೋಮವಾರ ಬರುತ್ತಾನೆಂದು ಗೊತ್ತಿದ್ದ ಸಾಹುಕಾರ ಭಾನುವಾರದ ಗಲ್ಲಾದಲ್ಲಿ ನಮ್ಮ ದುಡ್ಡು ತೆಗೆದಿಟ್ಟಿರುತ್ತಾನೆ, ಖಾಲಿಯಾದ ಮಾಲಿನ ಚೀಟಿ ಬರೆದಿಟ್ಟಿರುತ್ತಾನೆ. ಹುಡುಗ ಬುಧವಾರ ಹೋದರೆ ಆ ದುಡ್ಡು ಮಂಗಳವಾರ ಬಂದ ಬೇರೆ ಕಂಪನಿಯವನ ಕೈ ಸೇರಿರುತ್ತದೆ. ನಮ್ಮ ಕಡೆ ಇನ್ನೊಂದು ಪದ್ಧತಿಯನ್ನೂ ಗಮನದಲ್ಲಿಡಬೇಕು. ಮಂಗಳವಾರ, ಶುಕ್ರವಾರ ಲಕ್ಷ್ಮಿಯನ್ನು ಹೊರಗೆ ಕಳಿಸಬಾರದೆಂದು ದುಡ್ಡು ಕೊಡದ ಅಂಗಡಿಗಳಿವೆ. ಸಂಜೆ ದೀಪ ಹಚ್ಚಿದ ಮೇಲಂತೂ ಹಲವರು ಕೊಡುವುದಿಲ್ಲ. ಅಂಥ ಅಂಗಡಿ ಮಂಗಳವಾರ, ಶುಕ್ರವಾರದ ಹೋಳಿಗೆ ಬಿದ್ದರೆ ವಸೂಲಿ ಬಾಕಿ ಬೆಳೆಯುತ್ತಲೇ ಹೋಗುತ್ತದೆ. ಹೋಳಿನ ಗೆರೆಯನ್ನು ಎರಡು ಬೀದಿ ಆಚೀಚೆ ಸರಿಸಿದರೆ ಎಷ್ಟೋ ಸಲ ಇದು ಬಗೆಹರಿಯುತ್ತದೆ.

ಕೊನೆಗೆ ಬಂತು, ಆ ದಿನದ 37 ಅಂಗಡಿಗೆ ಯಾವ ಕ್ರಮದಲ್ಲಿ ಹೋಗಬೇಕೆಂಬ ಪ್ರಶ್ನೆ. ಗಣಿತದಲ್ಲಿ ಇದು ಸೇಲ್ಸ್‌ಮನ್ ಹೆಸರಿನಲ್ಲೇ ಇರುವ ಪ್ರಸಿದ್ಧ ಸಮಸ್ಯೆ. ಹತ್ತು ಅಂಗಡಿಗಳನ್ನು ಸುತ್ತಲು 36,28,800 ಕ್ರಮಗಳಿವೆ, ನಲವತ್ತಕ್ಕೆ ಆ ಸಂಖ್ಯೆ 48 ಅಂಕಿ ಉದ್ದವಾಗುತ್ತದೆ. 1954ರಲ್ಲಿ ಡ್ಯಾಂಟ್ಸಿಗ್, ಫುಲ್ಕರ್‌ಸನ್, ಜಾನ್ಸನ್ ಎಂಬ ಮೂವರು ಅಮೆರಿಕದ 49 ಊರುಗಳ ಅತಿ ಚಿಕ್ಕ ಸುತ್ತನ್ನು ಕಂಡುಹಿಡಿದಾಗ ಅದು ದೊಡ್ಡ ಸಾಧನೆ ಎನಿಸಿತು. ಆದರೆ ನಮ್ಮ ಹುಡುಗನಿಗೆ ಅತಿ ಚಿಕ್ಕ ದಾರಿ ಅಷ್ಟು ಮುಖ್ಯವಲ್ಲ. ಅವನ ಹತ್ತು ನಿಮಿಷದಲ್ಲಿ ದಾರಿಗೆ ಹೋಗುವುದು ಮೂರೇ. ಉಳಿದ ಏಳು ನಿಮಿಷ ಹತ್ತೋ ಹದಿನೈದೋ ಆಗುವುದು ಹೊತ್ತಲ್ಲದ ಹೊತ್ತಿನಲ್ಲಿ ಅಂಗಡಿಗೆ ಹೋದಾಗ.

ಹೀಗಾಗಿ ಮೊದಲು ಹೊತ್ತು, ಆಮೇಲೆ ದಾರಿ. ಕಿರಾಣಿ ಅಂಗಡಿಗೆ ಬೆಳಗಿನ ಗದ್ದಲ ಇಳಿದ ಮೇಲೆ, ಹತ್ತೂವರೆಯಿಂದ ಒಂದೂವರೆಯೊಳಗೆ. ಶಾಲೆ ಎದುರಿನ ಅಂಗಡಿಗೆ ಊಟದ ಬಿಡುವಿನಲ್ಲೂ ಶಾಲೆ ಬಿಡುವ ಹೊತ್ತಿನಲ್ಲೂ ಹೋಗಬಾರದು. ಬೇಕರಿಯವರು ಮಧ್ಯಾಹ್ನ ಮೂರರ ಸುಮಾರಿಗೆ ಸ್ವಲ್ಪ ಮಾತಿಗೆ ಸಿಗುತ್ತಾರೆ. ಬೀಡಾ ಅಂಗಡಿಗಳು ಕೊನೆಗಿರಲಿ. ಆಜಾದ್ ನಗರ, ಬಾಷಾ ನಗರದ ಕಡೆ ಶುಕ್ರವಾರದ ಲೈನ್ ಇದ್ದರೆ ಮಧ್ಯಾಹ್ನದ ನಮಾಜಿನ ಹೊತ್ತಿಗೆ ಅಲ್ಲಿ ಇರಬಾರದು, ಬೆಳಗ್ಗೆಯೇ ಮುಗಿಸಬೇಕು. ಈ ಹೊತ್ತುಗಳನ್ನು ಕೂರಿಸಿದ ಮೇಲೆ ದಾರಿ ಮಾಡುವುದು ಕಷ್ಟವಲ್ಲ. ಗಲಾಟೆಯ ರಸ್ತೆಯಲ್ಲಿ ಎಡಬದಿಯ ಅಂಗಡಿಗಳನ್ನು ಮುಗಿಸುತ್ತಾ ತುದಿಗೆ ಹೋಗಿ, ಇನ್ನೊಂದು ಬದಿಯನ್ನು ಹಿಡಿದು ಬರುವುದು. ಒತ್ತಾಗಿ ಅಂಗಡಿಗಳಿರುವ ಪೇಟೆಯಲ್ಲಿ ಬೈಕ್ ಒಂದೇ ಕಡೆ ನಿಲ್ಲಿಸಿ ಹತ್ತು ಹನ್ನೆರಡು ಅಂಗಡಿಗಳನ್ನು ನಡೆದೇ ಮುಗಿಸುವುದು. ಮರುದಿನದ ಆಟೊ ಕೂಡ ಇದೇ ಬೀದಿಗಳಲ್ಲಿ ಇಳಿಸುತ್ತಾ ಹೋಗುತ್ತದೆ, ಆದ್ದರಿಂದ ಹುಡುಗ ದಾರಿಯಲ್ಲಿ ಸಿಕ್ಕ ದೂರದ ಬಡಾವಣೆಯ ಒಂದು ಆರ್ಡರ್ ಹಿಡಿದರೆ ಅದರ ಖರ್ಚು ಆಟೊದ ಲೆಕ್ಕದಲ್ಲಿ ಏಳುತ್ತದೆ.

ಕಾಗದದ ಮೇಲೆ ಚೆಂದವಾಗಿ ಕೂತ ಲೈನ್ ಬೀದಿಯಲ್ಲಿ ಕೆಡುತ್ತಿದೆ ಎಂದು ತಿಳಿಯುವುದು ಹೇಗೆ? ಏಜೆನ್ಸಿಯಲ್ಲಿ ಕೂತೇ ಮೂರು ಗುರುತು ಹಿಡಿಯಬಹುದು. ಆರ್ಡರ್ ಬಂದ ಸಮಯವನ್ನು ಮೊಬೈಲ್ ಆ್ಯಪ್ ದಾಖಲಿಸುತ್ತದೆ. ಹತ್ತು ಅಂಗಡಿಯ ಆರ್ಡರ್ ಹತ್ತು ನಿಮಿಷದೊಳಗೆ ಬಂದಿದ್ದರೆ ಹುಡುಗ ಒಂದು ಕಡೆ ಕೂತು ಫೋನಿನಲ್ಲಿ ಕೇಳಿ ಬರೆದಿದ್ದಾನೆ. ಅವನನ್ನು ಬೈಯುವ ಮೊದಲು ಆ ದಿನ ಎಷ್ಟು ಅಂಗಡಿ ಕೊಟ್ಟಿದ್ದೆವು ಎಂದು ನೋಡಬೇಕು. ಐವತ್ತೈದು ಕೊಟ್ಟಿದ್ದರೆ ಅವನಿಗೆ ಬೇರೆ ದಾರಿಯೇ ಇರಲಿಲ್ಲ. ಎರಡನೆಯದು, ಲೈನಿನ ಕೊನೆಯ ಎಂಟು ಹತ್ತು ಅಂಗಡಿಗಳಿಂದ ವಾರವಾರವೂ ಆರ್ಡರ್ ಇಲ್ಲದಿರುವುದು. ಅಂಗಡಿಗಳು ಕೆಟ್ಟವಲ್ಲ, ಅಲ್ಲಿಗೆ ಹೋಗುವಷ್ಟರಲ್ಲಿ ಸಂಜೆಯಾಗುತ್ತಿದೆ. ಒಂದೆರಡು ವಾರ ಆ ತುದಿಯಿಂದ ಶುರು ಮಾಡಿಸಿ ನೋಡಿದರೆ ನಿಜ ಗೊತ್ತಾಗುತ್ತದೆ. ಆಗ ಆರ್ಡರ್ ಬಂದರೆ ಲೈನ್ ಉದ್ದವಾಗಿದೆ ಎಂದೇ ಅರ್ಥ.

ಮೂರನೆಯದು ಎಲ್ಲಕ್ಕಿಂತ ಕೆಟ್ಟದ್ದು. ತಿಂಗಳ ಕೊನೆಯ ವಾರದಲ್ಲೇ ಮಾರಾಟದ ದೊಡ್ಡ ಪಾಲು ಆಗುವುದು. ಕಂಪನಿಯ ಟಾರ್ಗೆಟ್ ಮುಟ್ಟಿಸಲು ಹುಡುಗ ಲೈನ್ ಬಿಟ್ಟು, ಗುರುತಿನ ದೊಡ್ಡ ಅಂಗಡಿಗಳಿಗೆ ಹೋಗಿ ಎರಡು ವಾರದ ಮಾಲನ್ನು ಒಟ್ಟಿಗೆ ತುಂಬಿಸುತ್ತಾನೆ. ಮುಂದಿನ ತಿಂಗಳ ಮೊದಲ ವಾರ ಅದೇ ಅಂಗಡಿಗಳಲ್ಲಿ "ಮಾಲ್ ಐತಪ್ಪ" ಎಂಬ ಉತ್ತರ. ಆ ಹೊತ್ತಿಗೆ ಸಣ್ಣ ಅಂಗಡಿಗಳ ಸರದಿ ತಪ್ಪಿರುತ್ತದೆ, ಅವರ ಕೊಕ್ಕೆಗಳು ಖಾಲಿಯಾಗಿರುತ್ತವೆ. ಮೊದಲ ವಾರ, ಕೊನೆಯ ವಾರದ ಮಾರಾಟವನ್ನು ಪಕ್ಕಪಕ್ಕ ಬರೆದು ನೋಡಿದರೆ ಈ ರೋಗ ಎಂಥವರಿಗೂ ಕಾಣುತ್ತದೆ. ಇದಕ್ಕೆ ಲೈನ್ ಬದಲಿಸಿ ಪ್ರಯೋಜನವಿಲ್ಲ, ಟಾರ್ಗೆಟ್ಟನ್ನು ವಾರವಾರಕ್ಕೆ ಹಂಚಬೇಕು.

ಈ ಪಟ್ಟಿಯನ್ನು ಮೂರು ತಿಂಗಳಿಗೊಮ್ಮೆ ತೆರೆದು ನೋಡಬೇಕು. ಕಪಾಟಿನ ಬರಹ ನೋಡಿ ಕೆಲವು ಅಂಗಡಿಗಳನ್ನು ಮೇಲಕ್ಕೆ, ಕೆಲವನ್ನು ಕೆಳಕ್ಕೆ ಸರಿಸಬೇಕು. ಮೇಲಕ್ಕೆ ಹೋದಷ್ಟೇ ಭೇಟಿಗಳು ಕೆಳಕ್ಕೆ ಇಳಿಯಬೇಕು, ಏಕೆಂದರೆ ಗಡಿಯಾರದಲ್ಲಿ ಹೊಸ ಗಂಟೆಗಳು ಹುಟ್ಟುವುದಿಲ್ಲ. ವಾರದ ನಡುವೆ, ತಿಂಗಳ ನಡುವೆ ಕೈಯಾಡಿಸಬಾರದು. ಅಂಗಡಿಯವರಿಗೆ ದಿನ ರೂಢಿಯಾಗಲು ಎರಡು ಮೂರು ಸರದಿಯಾದರೂ ಬೇಕು.

ಏಜೆನ್ಸಿ ನಡೆಸುವವರಲ್ಲಿ ಒಂದು ಮನವಿ. ಮುಂದಿನ ಸಲ ಕಂಪನಿಯ ಅಧಿಕಾರಿ ಬಂದು "ಇನ್ನೂ ಐವತ್ತು ಅಂಗಡಿ ಸೇರಿಸಿ" ಎಂದಾಗ, ಹುಡುಗನನ್ನು ಕರೆಯುವ ಮೊದಲು ಕಾಗದದಲ್ಲಿ 960 ಎಂದು ಬರೆದು, ಈಗಾಗಲೇ ಹಂಚಿರುವ ಭೇಟಿಗಳನ್ನು ಅದರಿಂದ ಕಳೆಯಿರಿ. ಐವತ್ತು ಅಂಗಡಿಗೆ ಎರಡು ವಾರಕ್ಕೊಮ್ಮೆ ಹೋದರೂ ನೂರು ಭೇಟಿ ಬೇಕು. ಉಳಿದಿರುವುದು ಅರವತ್ತೇ ಆದರೆ ಯಾವ ಅಂಗಡಿಗಳನ್ನು ಬಿಡಬೇಕೆಂದು ಅಧಿಕಾರಿಯನ್ನೇ ಕೇಳಿ, ಇಲ್ಲವೇ ಎರಡನೇ ಸೇಲ್ಸ್‌ಮನ್‌ನನ್ನು ತೆಗೆದುಕೊಳ್ಳಿ.